ವೀಲ್‌ಚೇರ್ ಬಳಸುವ ವಿದ್ಯಾರ್ಥಿಯನ್ನು ಆಟಕ್ಕೆ ಸೇರಿಸಿಕೊಂಡು ವಾಲಿಬಾಲ್ ಪಾಠ ಮಾಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ತರಗತಿಯಲ್ಲಿ ಒಬ್ಬರು ವೀಲ್‌ಚೇರ್‌ನಲ್ಲಿದ್ದರೆ ವಾಲಿಬಾಲ್ ಪಾಠ ಸಾಮಾನ್ಯವಾಗಿ ಮೂರು ರೀತಿಯಲ್ಲಿ ಕೆಡುತ್ತದೆ. ಮೊದಲನೆಯದು, ಆ ವಿದ್ಯಾರ್ಥಿಯ ಕೈಗೆ ಸೀಟಿ ಕೊಟ್ಟು ಸ್ಕೋರ್ ಬರೆಯಲು ಬದಿಗೆ ಕೂರಿಸುವುದು. ಎರಡನೆಯದು, ಕೋರ್ಟಿನೊಳಗೆ ಕರೆದು, ಏನನ್ನೂ ಬದಲಿಸದೆ ಆಡಿಸುವುದು. ಆಗ ಪಕ್ಕದವರೆಲ್ಲ ಮುಂದೆ ಹಾರಿ ಬಾಲ್ ಹೊಡೆಯುತ್ತಾರೆ, ವೀಲ್‌ಚೇರ್‌ನಲ್ಲಿರುವವಳು ಸುಮ್ನೆ ನೋಡುತ್ತಾ ಕೂತಿರುತ್ತಾಳೆ. ಮೂರನೆಯದು ಒಳ್ಳೆ ಮನಸ್ಸಿನಿಂದಲೇ ಆಗುವ ತಪ್ಪು: ನೆಟ್ ಇಳಿಸಿ, ಬಲೂನ್ ತಂದು, ಎಲ್ಲರನ್ನೂ ನೆಲದ ಮೇಲೆ ಕೂರಿಸಿ, ಎಲ್ಲ ಬದಲಾವಣೆಯನ್ನೂ ಒಂದೇ ದಿನ ಮಾಡಿಬಿಡುವುದು. ಕೊನೆಗೆ ಯಾರಿಗೂ ವಾಲಿಬಾಲ್ ಆಡಿದ ಹಾಗೇ ಅನಿಸುವುದಿಲ್ಲ.

ಕಷ್ಟ ನಿಜವಾಗಿ ಎಲ್ಲಿದೆ ಅಂತ ನೋಡದೆ ಬದಲಾವಣೆ ಮಾಡಲು ಹೊರಟರೆ ಹೀಗೇ ಆಗುತ್ತದೆ. ಕೂತು ಆಡುವುದರಿಂದ ಎತ್ತರ ಕಡಿಮೆ ಆಗುತ್ತದೆ, ಹೌದು. ಆದರೆ ಅದು ದೊಡ್ಡ ತೊಂದರೆ ಅಲ್ಲ. ದೊಡ್ಡ ತೊಂದರೆಗಳು ಬೇರೆ ಎರಡಿವೆ. ಕುರ್ಚಿ ತಳ್ಳುವುದಕ್ಕೂ ಬಾಲ್ ಹೊಡೆಯುವುದಕ್ಕೂ ಇರುವುದು ಅವೇ ಎರಡು ಕೈ. ಕೈ ಚಕ್ರದ ಮೇಲಿದ್ದಾಗ ಹೊಡೆಯಲು ಆಗುವುದಿಲ್ಲ, ಕೈ ಮೇಲೆತ್ತಿದಾಗ ಚಲಿಸಲು ಆಗುವುದಿಲ್ಲ. ಇನ್ನೊಂದು, ಕುರ್ಚಿ ಅಡ್ಡಕ್ಕೆ ಸರಿಯುವುದಿಲ್ಲ. ವಾಲಿಬಾಲ್‌ನಲ್ಲಿ ನಿಂತವರು ಎರಡು ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದು ಬಾಲ್ ತೆಗೆಯುತ್ತಾರೆ. ವೀಲ್‌ಚೇರ್‌ನಲ್ಲಿರುವವರು ಮೊದಲು ಕುರ್ಚಿ ತಿರುಗಿಸಿ ಆಮೇಲೆ ತಳ್ಳಬೇಕು. ಅಂದರೆ ನೀವು ಕೊಡಬೇಕಾದದ್ದು ಸ್ವಲ್ಪ ಸಮಯ ಮತ್ತು ಕುರ್ಚಿಗೆ ಸರಿಯಾದ ಕೋನ. ಕೆಳಗೆ ಹೇಳುವುದೆಲ್ಲ ಇವೆರಡರ ಸುತ್ತಲೇ ಇದೆ.

ಇಲ್ಲಿ ಹೇಳುತ್ತಿರುವುದು ಕೈಯಿಂದ ತಳ್ಳುವ ಕುರ್ಚಿ ಬಳಸುವ, ಎರಡೂ ಕೈ ಸಾಕಷ್ಟು ಚೆನ್ನಾಗಿ ಆಡುವ ವಿದ್ಯಾರ್ಥಿಯ ಬಗ್ಗೆ. ಹೈಸ್ಕೂಲ್ ವಯಸ್ಸಿನ ಒಬ್ಬ ಹುಡುಗಿ ಅಂದುಕೊಳ್ಳಿ. ಮೋಟಾರ್ ಕುರ್ಚಿ, ಕೈಯಲ್ಲಿ ಬಲ ಕಡಿಮೆ ಇರುವವರ ವಿಷಯ ಕೊನೆಯ ಹತ್ತಿರ ಬರುತ್ತದೆ.

## ಬೇಕಾಗುವ ಸಾಮಾನು

ಒಂದು ದೊಡ್ಡ ಬೀಚ್ ಬಾಲ್ (ಪ್ಲಾಸ್ಟಿಕ್‌ನದ್ದು), ಇಬ್ಬರಿಗೆ ಒಂದರಂತೆ ಹಗುರ ತರಬೇತಿ ವಾಲಿಬಾಲ್, ನೆಲಕ್ಕೆ ಅಂಟಿಸುವ ಬಣ್ಣದ ಟೇಪ್, ಎತ್ತರ ಬದಲಿಸಲು ಆಗುವ ನೆಟ್, ಅಳತೆ ಟೇಪ್, ಫುಟ್‌ರೆಸ್ಟ್‌ಗೆ ಸುತ್ತಲು ಸ್ವಲ್ಪ ಫೋಮ್. ನೆಟ್ ಇಲ್ಲದಿದ್ದರೆ ಹಗ್ಗ ಕಟ್ಟಿ ಅದರ ಮೇಲೆ ಬಟ್ಟೆ ಇಳಿಬಿಟ್ಟರೂ ನಡೆಯುತ್ತದೆ. ಕೋನ್‌ಗಳನ್ನು ಮಾತ್ರ ಕೋರ್ಟಿನೊಳಗೆ ಇಡಬೇಡಿ. ಕುರ್ಚಿಯ ಮುಂದಿನ ಸಣ್ಣ ಚಕ್ರಕ್ಕೆ ಅದು ಸಿಕ್ಕಿದರೆ ಕುರ್ಚಿ ಅಲ್ಲೇ ಗಕ್ಕನೆ ನಿಲ್ಲುತ್ತದೆ, ಕೂತವಳು ಮುಂದಕ್ಕೆ ಬೀಳುತ್ತಾಳೆ.

## ಹಂತ 1: ಪಾಠಕ್ಕೆ ಒಂದು ದಿನ ಮೊದಲು ಮಾತಾಡಿ

ಈ ಹಂತವನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ತರಗತಿಯ ಎದುರು ಕೇಳಬೇಡಿ, ಬೇರೆಯಾಗಿ ಕೂತು ಕೇಳಿ. ಮೊದಲು ಅವಳನ್ನೇ ಕೇಳಿ, ಆಮೇಲೆ ಮನೆಯವರನ್ನು. ತನ್ನ ಕುರ್ಚಿ ಎಷ್ಟು ಬೇಗ ತಿರುಗುತ್ತೆ, ಯಾವ ಕಡೆ ಬಾಗಿದರೆ ಬ್ಯಾಲೆನ್ಸ್ ತಪ್ಪುತ್ತೆ ಅನ್ನೋದು ನಿಮಗಿಂತ ಅವಳಿಗೇ ಚೆನ್ನಾಗಿ ಗೊತ್ತಿರುತ್ತದೆ.

ಆರೋಗ್ಯದ ಬಗ್ಗೆ ಮನೆಯವರಿಂದ ಖಚಿತವಾಗಿ ತಿಳಿದುಕೊಳ್ಳಬೇಕಾದ ವಿಷಯಗಳು ನಾಲ್ಕು. ಲ್ಯಾಟೆಕ್ಸ್ ಅನ್ನುವ ರಬ್ಬರ್‌ಗೆ ಅಲರ್ಜಿ ಇದೆಯಾ? ತಲೆಯಲ್ಲಿ ಶಂಟ್, ಅಂದರೆ ಮೆದುಳಿನ ಹೆಚ್ಚುವರಿ ದ್ರವ ಇಳಿಸುವ ಸಣ್ಣ ಕೊಳವೆ, ಹಾಕಿದ್ದಾರಾ? ಬೆನ್ನುಹುರಿಗೆ ಪೆಟ್ಟಾಗಿದ್ದರೆ ಯಾವ ಮಟ್ಟದಲ್ಲಿ? ಕಾಲು ಮತ್ತು ಕೂರುವ ಭಾಗದಲ್ಲಿ ಸ್ಪರ್ಶ ಗೊತ್ತಾಗುತ್ತದಾ? ಲ್ಯಾಟೆಕ್ಸ್ ಪ್ರಶ್ನೆಯನ್ನು ಮೊದಲು ಇಟ್ಟಿರುವುದಕ್ಕೆ ಕಾರಣ ಇದೆ. ಸ್ಪೈನಾ ಬಿಫಿಡಾ, ಅಂದರೆ ಹುಟ್ಟಿನಿಂದಲೇ ಬೆನ್ನುಮೂಳೆ ಪೂರ್ತಿ ಮುಚ್ಚಿಕೊಳ್ಳದ ತೊಂದರೆ, ಇರುವ ಮಕ್ಕಳಲ್ಲಿ ಈ ಅಲರ್ಜಿ ತುಂಬಾ ಸಾಮಾನ್ಯ, ಕೆಲವರಿಗೆ ಅದು ಉಸಿರು ಕಟ್ಟುವಷ್ಟು ತೀವ್ರವಾಗುತ್ತದೆ. ಮಾಮೂಲಿ ಬಲೂನ್ ಲ್ಯಾಟೆಕ್ಸ್‌ನಿಂದಲೇ ಮಾಡಿರುವುದು. "ವೀಲ್‌ಚೇರ್ ಇದ್ದರೆ ಬಲೂನ್ ವಾಲಿಬಾಲ್ ಆಡಿಸಿ" ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ, ಈ ಎಚ್ಚರಿಕೆ ಮಾತ್ರ ಅದರ ಜೊತೆ ಸಿಗುವುದಿಲ್ಲ. ಗೊತ್ತಿಲ್ಲದಿದ್ದರೆ ಬಲೂನ್ ತರಲೇಬೇಡಿ.

ಆಮೇಲೆ ಒಂದು ಸಣ್ಣ ಅಳತೆ. ಅವಳ ಕುರ್ಚಿ ನಿಲ್ಲಿಸಿ, ಬ್ರೇಕ್ ಹಾಕಿಸಿ, ಎರಡೂ ಕೈ ಮೇಲೆತ್ತಲು ಹೇಳಿ. ನೆಲದಿಂದ ಬೆರಳ ತುದಿಗೆ ಎಷ್ಟು ಅಂತ ಅಳೆದು ಬರೆದುಕೊಳ್ಳಿ. ನಂತರ ಎಡಕ್ಕೆ, ಬಲಕ್ಕೆ, ಮುಂದಕ್ಕೆ ಕೈ ಚಾಚಿಸಿ. ಒಂದು ಕೈ ಕುರ್ಚಿ ಹಿಡಿಯದೆ ಬಾಗಲು ಆಗುತ್ತದಾ ನೋಡಿ. ಆಗದಿದ್ದರೆ ಎರಡು ಕೈಯ ಪಾಸ್ ಎದೆಯ ನೇರಕ್ಕೆ ಬಂದ ಬಾಲ್‌ಗೆ ಮಾತ್ರ ಸಾಧ್ಯ, ಬದಿಗೆ ಬಂದದ್ದನ್ನು ಅವಳು ಒಂದೇ ಕೈಯಲ್ಲಿ ತೆಗೆಯಬೇಕಾಗುತ್ತದೆ. ಇದು ಮೊದಲೇ ಗೊತ್ತಿದ್ದರೆ ನಿಯಮ ಮಾಡುವಾಗ ತಡಕಾಡಬೇಕಿಲ್ಲ.

## ಹಂತ 2: ನೆಲ, ಕೋರ್ಟ್, ನೆಟ್

ನೆಲ ಗಟ್ಟಿ ಇರಬೇಕು. ಮರಳು, ಹುಲ್ಲು, ಸಡಿಲ ಮಣ್ಣಿನಲ್ಲಿ ಮುಂದಿನ ಚಕ್ರ ಹೂತುಕೊಳ್ಳುತ್ತದೆ, ಅಲ್ಲಿ ಈ ಗೈಡ್‌ನ ಯಾವ ಮಾತೂ ಉಪಯೋಗಕ್ಕೆ ಬರುವುದಿಲ್ಲ. ಸಿಮೆಂಟ್ ಅಥವಾ ಒಳಾಂಗಣ ಕೋರ್ಟ್ ಹುಡುಕಿ. ಆಟ ಶುರುವಾಗುವ ಮೊದಲು ನೆಲ ಒಣಗಿದೆಯಾ, ನೆಟ್ ಕಂಬದ ಕಾಲು ಅಥವಾ ಹಗ್ಗ ಅಡ್ಡ ಬಂದಿದೆಯಾ ಅಂತ ಒಂದು ಸುತ್ತು ನೋಡಿಬಿಡಿ.

ಪೂರ್ತಿ ವಾಲಿಬಾಲ್ ಕೋರ್ಟ್ 18 ಮೀಟರ್ ಉದ್ದ, 9 ಮೀಟರ್ ಅಗಲ. ಕಲಿಯುವ ಮಕ್ಕಳಿಗೆ ಅದು ಹೇಗೂ ದೊಡ್ಡದು. ಡಬಲ್ಸ್ ಬ್ಯಾಡ್ಮಿಂಟನ್ ಕೋರ್ಟ್ ಸುಮಾರು 13.4 ಮೀಟರ್ ಉದ್ದ, 6.1 ಮೀಟರ್ ಅಗಲ ಇರುತ್ತದೆ. ಒಂದು ಕಡೆ ನಾಲ್ಕು ಜನ ಇಟ್ಟು ಆಡಿಸಲು ಅದು ಹೇಳಿ ಮಾಡಿಸಿದ ಅಳತೆ, ಗೆರೆಗಳೂ ಸಿದ್ಧ ಇರುತ್ತವೆ. ಆರು ಜನ ಬೇಡ. ಜನ ಜಾಸ್ತಿಯಾದಷ್ಟೂ ವೀಲ್‌ಚೇರ್‌ಗೆ ತಿರುಗಲು ಜಾಗ ಕಡಿಮೆ, ಪಕ್ಕದವರ ಕಾಲಿಗೆ ಫುಟ್‌ರೆಸ್ಟ್ ತಾಗುವ ಅಪಾಯ ಜಾಸ್ತಿ.

ನೆಟ್ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ದೊಡ್ಡವರ ನೆಟ್ ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24 ಮೀಟರ್. ಕೂತವರಿಗೆ ಅಷ್ಟು ಎತ್ತರ ಆಗುವುದಿಲ್ಲ ಅಂತ ಕೂತು ಆಡುವ ವಾಲಿಬಾಲ್‌ನ ಅಳತೆಗೆ, ಅಂದರೆ 1.15 ಅಥವಾ 1.05 ಮೀಟರ್‌ಗೆ ಇಳಿಸಿಬಿಡುತ್ತಾರೆ. ಆ ಅಳತೆ ನೆಲದ ಮೇಲೆ ಕೂತವರಿಗೆ ಮಾಡಿದ್ದು. ನಿಂತಿರುವ ಮಕ್ಕಳ ಎದುರು ಅಷ್ಟು ತಗ್ಗಿನ ನೆಟ್ ಕಟ್ಟಿದರೆ ಅವರು ಮೇಲಿಂದ ನೇರವಾಗಿ ಸ್ಮ್ಯಾಶ್ ಹೊಡೆಯುತ್ತಾರೆ. ಬಾಲ್ ಬಂದು ಬೀಳುವುದು ಎದ್ದು ತಪ್ಪಿಸಿಕೊಳ್ಳಲು ಆಗದವಳ ಮುಖಕ್ಕೆ. ಹಾಗಾಗಿ ಹಂತ 1ರಲ್ಲಿ ಬರೆದುಕೊಂಡ ಬೆರಳ ತುದಿಯ ಎತ್ತರಕ್ಕೆ ನೆಟ್‌ನ ಮೇಲಂಚು ಬರುವಂತೆ ಕಟ್ಟಿ. ಆ ಅಳತೆ 1.55 ಮೀಟರ್ ಆಸುಪಾಸು ಬಂದರೆ ಕೆಲಸ ಸುಲಭ, ಬ್ಯಾಡ್ಮಿಂಟನ್ ನೆಟ್ ಕಂಬದ ಹತ್ತಿರ ಅಷ್ಟೇ ಎತ್ತರ ಇರುತ್ತದೆ.

ಇಷ್ಟು ಎತ್ತರದಲ್ಲೂ ನಿಂತವರು ಸ್ಮ್ಯಾಶ್ ಹೊಡೆಯಬಹುದು ಅಲ್ವಾ? ಅದಕ್ಕೆ ಮೊದಲ ಪಾಠದಿಂದಲೇ ಒಂದು ನಿಯಮ: ಹಾರಿ ಹೊಡೆಯುವಂತಿಲ್ಲ, ಬಾಲ್ ಕೈಯಿಂದ ಹೊರಟಾಗ ಮೇಲಕ್ಕೆ ಹೋಗಬೇಕು. ಕೆಳಮುಖವಾಗಿ ಹೊಡೆದ ಬಾಲ್‌ಗೆ ಪಾಯಿಂಟ್ ಎದುರಾಳಿಗೆ. ಈ ನಿಯಮ ಎರಡೂ ಕಡೆಯ ಎಲ್ಲರಿಗೂ ಇರಲಿ. ಸ್ಮ್ಯಾಶ್ ಕಲಿಯಲು ಕಾಯುತ್ತಿರುವ ಮಕ್ಕಳು ಗೊಣಗುತ್ತಾರೆ, ಗೊಣಗಲಿ. ಮುಂದೆ ಅವರಿಗೆ ಓರೆ ನೆಟ್ ಕಟ್ಟಬಹುದು: ಒಂದು ಕಂಬದಲ್ಲಿ 1.55 ಮೀಟರ್, ಇನ್ನೊಂದರಲ್ಲಿ 2.10 ಮೀಟರ್. ಹಾರಿ ಹೊಡೆಯುವುದು ಎತ್ತರದ ಅರ್ಧದಲ್ಲಿ ಮಾತ್ರ.

ಕೊನೆಯದಾಗಿ, ನೆಟ್‌ನಿಂದ ಒಂದು ಮೀಟರ್ ದೂರಕ್ಕೆ ಎರಡೂ ಕಡೆ ಟೇಪ್ ಎಳೆಯಿರಿ. ಕುರ್ಚಿಯ ಫುಟ್‌ರೆಸ್ಟ್ ಆ ಟೇಪ್ ದಾಟಬಾರದು. ನೆಟ್ ಕೆಳಗೆ ಲೋಹದ ಫುಟ್‌ರೆಸ್ಟ್ ನುಗ್ಗಿದರೆ ಆಚೆ ನಿಂತವರ ಮೊಣಕಾಲ ಕೆಳಗೆ ಬಲವಾಗಿ ತಾಗುತ್ತದೆ.

## ಹಂತ 3: ಬಾಲ್ ಯಾವುದು, ಪುಟ ಎಷ್ಟು

ಸಮಯ ಕೊಡಲು ನಿಮ್ಮ ಹತ್ತಿರ ಎರಡು ದಾರಿ ಇವೆ. ಒಂದು ನಿಧಾನಕ್ಕೆ ಬರುವ ಬಾಲ್, ಇನ್ನೊಂದು ಪುಟ, ಅಂದರೆ ಬಾಲ್ ನೆಲಕ್ಕೆ ಬಿದ್ದು ಪುಟಿದ ಮೇಲೆ ಹೊಡೆಯಲು ಬಿಡುವುದು. ಎರಡನ್ನೂ ಒಟ್ಟಿಗೆ ಕೊಡುವುದರಲ್ಲಿ ಅರ್ಥವಿಲ್ಲ, ಯಾಕೆಂದರೆ ಬೀಚ್ ಬಾಲ್ ಗಾಳಿಯಲ್ಲಿ ತೇಲಿಕೊಂಡು ಬಂದರೂ ನೆಲಕ್ಕೆ ಬಿದ್ದರೆ ಸರಿಯಾಗಿ ಪುಟಿಯುವುದೇ ಇಲ್ಲ. ಬೀಚ್ ಬಾಲ್ ಇದ್ದಾಗ ಪುಟದ ನಿಯಮ ಬೇಡ. ತರಬೇತಿ ಬಾಲ್ ಬಂದಾಗ ಒಂದು ಪುಟ ಕೊಡಿ.

ಮಾಮೂಲಿ ವಾಲಿಬಾಲ್ 260ರಿಂದ 280 ಗ್ರಾಂ ತೂಗುತ್ತದೆ. ಹಗುರ ತರಬೇತಿ ಬಾಲ್ ಅದೇ ಗಾತ್ರ, ತೂಕ ಸುಮಾರು 200 ಗ್ರಾಂ. ಅದು ಗಟ್ಟಿ ನೆಲದಲ್ಲಿ ಪುಟಿದು ಕೂತವರ ಮಡಿಲಿಗೂ ಎದೆಗೂ ನಡುವಿನ ಎತ್ತರಕ್ಕೆ ಬರುತ್ತದೆ. ಕೂತು ಹೊಡೆಯಲು ಅದೇ ಸರಿಯಾದ ಜಾಗ. ವೀಲ್‌ಚೇರ್ ಟೆನಿಸ್‌ನಲ್ಲಿ ಎರಡು ಪುಟ ಕೊಡುತ್ತಾರೆ, ಎರಡನೆಯದು ಗೆರೆಯ ಹೊರಗೂ ಬೀಳಬಹುದು. ವಾಲಿಬಾಲ್‌ಗೆ ಅದನ್ನು ಹಾಗೇ ತರಬೇಡಿ. ಎರಡನೇ ಪುಟಕ್ಕೆ ಬಾಲ್ ಚಕ್ರದ ಮಟ್ಟಕ್ಕೆ ಇಳಿದುಬಿಡುತ್ತದೆ, ಅಲ್ಲಿಂದ ರಾಕೆಟ್ ಇಲ್ಲದೆ ಎತ್ತಲು ಆಗುವುದಿಲ್ಲ.

ಪುಟ ಯಾರಿಗೆ? ಮೊದಲ ಎರಡು ಪಾಠದಲ್ಲಿ ಎಲ್ಲರಿಗೂ ಕೊಡಿ ಅನ್ನುವುದು ನನ್ನ ಅಭಿಪ್ರಾಯ. ಹೊಸಬರ ಆಟ ನೋಡಿದ್ದರೆ ನಿಮಗೆ ಗೊತ್ತಿರುತ್ತದೆ, ಸರ್ವ್ ಆದ ಕೂಡಲೇ ಬಾಲ್ ಬಿದ್ದು ಆಟ ಮುಗಿಯುತ್ತದೆ. ಪುಟ ಇದ್ದರೆ ಎಲ್ಲರ ಆಟವೂ ಉದ್ದವಾಗುತ್ತದೆ. ಮೂರನೇ ಪಾಠದಿಂದ ಅವಳಿಗೆ ಮಾತ್ರ ಉಳಿಸಿ.

## ಹಂತ 4: ಕುರ್ಚಿಯನ್ನು ಆಟಕ್ಕೆ ಸಿದ್ಧ ಮಾಡಿ

ಕುರ್ಚಿಯ ಹಿಂದೆ ನೇತಾಡುವ ಶಾಲೆಯ ಬ್ಯಾಗ್ ಮೊದಲು ತೆಗೆಯಿಸಿ. ಸಣ್ಣ ವಿಷಯ ಅನಿಸಬಹುದು. ಆದರೆ ಭಾರ ಹಿಂದಿದ್ದು, ತಲೆ ಮೇಲೆ ಬಂದ ಬಾಲ್‌ಗೆ ಎರಡೂ ಕೈ ಎತ್ತಿ ಅವಳು ಹಿಂದಕ್ಕೆ ವಾಲಿದರೆ ಮುಂದಿನ ಚಕ್ರ ನೆಲ ಬಿಟ್ಟು ಕುರ್ಚಿ ಮಗುಚುತ್ತದೆ. ಕುರ್ಚಿ ಹಿಂದಕ್ಕೆ ಬೀಳದಂತೆ ತಡೆಯುವ ಸಣ್ಣ ಹಿಂಬದಿ ಚಕ್ರ ಇದ್ದರೆ ಅದನ್ನು ಕೆಳಕ್ಕೆ ಇಳಿಸಿ. ಅದಿಲ್ಲದ ಕುರ್ಚಿಯಾದರೆ ಮೊದಲ ಪಾಠದಲ್ಲಿ ತಲೆಯ ಹಿಂದಿನ ಬಾಲ್ ತೆಗೆಯುವ ಅಭ್ಯಾಸವೇ ಬೇಡ.

ಆಮೇಲೆ ಟೈರ್ ಗಾಳಿ, ಬ್ರೇಕ್, ಸೊಂಟದ ಬೆಲ್ಟ್ ನೋಡಿ. ಬೆಲ್ಟ್ ಅವಳು ದಿನಾ ಹಾಕುವಷ್ಟೇ ಬಿಗಿ ಇರಲಿ, ನೀವಾಗಿ ಬಿಗಿಮಾಡಬೇಡಿ. ಫುಟ್‌ರೆಸ್ಟ್ ಅಂಚಿಗೆ ಫೋಮ್ ಸುತ್ತಿ. ಅವಳ ಕುರ್ಚಿಯನ್ನು ಕೇಳದೆ ಮುಟ್ಟುವುದು, ತಳ್ಳುವುದು, ಅದರ ಮೇಲೆ ಕೈಯೂರಿ ನಿಲ್ಲುವುದು ಬೇಡ ಅಂತ ತರಗತಿಗೂ ಹೇಳಿ. ಆಟದ ನಡುವೆ ಸಹಾಯ ಮಾಡುತ್ತೇನೆ ಅಂತ ಹಿಂದಿಂದ ಯಾರೋ ತಳ್ಳಿದರೆ ಚಕ್ರದ ಮೇಲಿದ್ದ ಅವಳ ಬೆರಳಿಗೇ ಪೆಟ್ಟು.

## ಹಂತ 5: ಮೊದಲು ಚಲನೆ, ಆಮೇಲೆ ಹೊಡೆತ

ಸಾಮಾನ್ಯ ಪಾಠದಲ್ಲಿ ಫೋರ್‌ಆರ್ಮ್ ಪಾಸ್‌ನಿಂದ ಶುರು ಮಾಡುತ್ತೇವೆ. ಇಲ್ಲಿ ಬಾಲ್ ಇಲ್ಲದೆ ಶುರು ಮಾಡಿ, ಅದೂ ಇಡೀ ತರಗತಿಯ ಜೊತೆಗೇ.

ನಿಲ್ಲುವ ಕೋನ. ಕುರ್ಚಿಯನ್ನು ನೆಟ್‌ಗೆ ನೇರವಾಗಿ ನಿಲ್ಲಿಸಿದರೆ ಪಕ್ಕಕ್ಕೆ ಬಂದ ಬಾಲ್‌ಗೆ ಕಾಲು ಸುತ್ತು ತಿರುಗಬೇಕು. ಸುಮಾರು 45 ಡಿಗ್ರಿ ಓರೆಯಾಗಿ, ಕೋರ್ಟಿನ ಮಧ್ಯಕ್ಕೆ ಮುಖ ಮಾಡಿ ನಿಲ್ಲಿಸಿ. ಆಗ ಒಂದು ತಳ್ಳಿಗೆ ಮುಂದೆಯೂ ಹೋಗುತ್ತಾಳೆ, ಪಕ್ಕಕ್ಕೂ ಸರಿದಂತಾಗುತ್ತದೆ. ಎಡ ಮೂಲೆಯಲ್ಲಿದ್ದರೆ ಬಲಕ್ಕೆ ಓರೆ, ಬಲ ಮೂಲೆಯಲ್ಲಿದ್ದರೆ ಎಡಕ್ಕೆ.

ಕೈಯ ಕ್ರಮ. ತಳ್ಳು, ತಳ್ಳು, ಹಿಡಿ, ಎತ್ತು. ಈ ನಾಲ್ಕರಲ್ಲಿ ಬಿಟ್ಟುಹೋಗುವುದು ಮೂರನೆಯದು. ಚಕ್ರದ ರಿಮ್ ಮೇಲೆ ಅಂಗೈ ಒತ್ತಿ ಕುರ್ಚಿ ನಿಲ್ಲಿಸದೆ ಹಾಗೇ ಕೈ ಎತ್ತಿದರೆ ಕುರ್ಚಿ ಬಾಲ್‌ನ ಕೆಳಗೆ ಇನ್ನೂ ಒಂದಿಷ್ಟು ಉರುಳಿಕೊಂಡು ಹೋಗುತ್ತದೆ, ಬಾಲ್ ತಲೆಯ ಹಿಂದೆ ಬೀಳುತ್ತದೆ. ಅವಳ ಬಾಲ್‌ಗಳು ಪದೇ ಪದೇ ಹಿಂದಕ್ಕೆ ಹೋಗುತ್ತಿದ್ದರೆ ಹೊಡೆತ ತಿದ್ದಲು ಹೋಗಬೇಡಿ. ಮೊದಲು ಕೈ ಎತ್ತುವ ಕ್ಷಣದಲ್ಲಿ ಚಕ್ರ ನಿಂತಿದೆಯಾ ನೋಡಿ. ತಪ್ಪು ಹೆಚ್ಚಾಗಿ ಅಲ್ಲೇ ಇರುತ್ತದೆ.

ಓವರ್‌ಹೆಡ್ ಪಾಸ್. ಇದನ್ನೇ ಮುಖ್ಯ ಹೊಡೆತ ಮಾಡಿ. ನಿಂತವರು ಮೊಣಕಾಲಿನಿಂದ ಬಲ ತರುತ್ತಾರೆ, ಕೂತವರಿಗೆ ಅದಿಲ್ಲ. ಮೊಣಕೈ ಮತ್ತು ಮಣಿಕಟ್ಟಿನಿಂದಲೇ ಬಲ ಬರಬೇಕು. ಹಾಗಾಗಿ ಬಾಲ್ ದೂರ ಹೋಗದಿದ್ದರೆ ಗುರಿ ಹತ್ತಿರ ತನ್ನಿ, ಮೂರು ಮೀಟರ್ ಸಾಕು. ತಂಡದವರಿಗೆ ಎತ್ತಿಕೊಡುವ ಲಿಫ್ಟ್‌ಗೆ ಇದು ಧಾರಾಳ.

ಫೋರ್‌ಆರ್ಮ್ ಪಾಸ್. ಪುಸ್ತಕದಲ್ಲಿರುವ ಹಾಗೆ ಎರಡು ಕೈ ಜೋಡಿಸಿ ಮುಂದೆ ಕೆಳಗೆ ಹಿಡಿಯಲು ಅವಳ ಮೊಣಕಾಲೇ ಅಡ್ಡ ಬರುತ್ತದೆ. ಜೋಡಿಸಿದ ಕೈಯನ್ನು ಮೊಣಕಾಲಿನ ಮೇಲೆ, ಎದೆಯಿಂದ ಮುಂದಕ್ಕೆ ಹಿಡಿಯಲು ಹೇಳಿ. ಬದಿಗೆ ಬಂದರೆ ಒಂದು ಕೈ ಕುರ್ಚಿ ಹಿಡಿದು, ಇನ್ನೊಂದು ಕೈಯ ಮುಷ್ಟಿ ಅಥವಾ ಮುಂಗೈಯಿಂದ ಮೇಲಕ್ಕೆ ಎತ್ತಲಿ. ಒಂದು ಕೈಯ ಹೊಡೆತ ವಾಲಿಬಾಲ್‌ನಲ್ಲಿ ತಪ್ಪೇನಲ್ಲ, ಇದಕ್ಕೆ ವಿಶೇಷ ರಿಯಾಯಿತಿ ಬೇಕಿಲ್ಲ.

ಸರ್ವ್. ಇಲ್ಲಿ ಬ್ರೇಕ್ ಹಾಕಲೇಬೇಕು, ಇಲ್ಲದಿದ್ದರೆ ಹೊಡೆದ ರಭಸಕ್ಕೆ ಕುರ್ಚಿಯೇ ತಿರುಗುತ್ತದೆ. ಅಂಡರ್‌ಹ್ಯಾಂಡ್ ಸರ್ವ್‌ಗೆ ಕೈ ಬೀಸುವ ದಾರಿಯಲ್ಲಿ ದೊಡ್ಡ ಚಕ್ರ ಇರುತ್ತದೆ, ಗೆಣ್ಣು ಟೈರ್‌ಗೆ ಉಜ್ಜಿ ಸುಲಿಯುತ್ತದೆ. ಬಲಗೈಯವಳಾದರೆ ಎಡ ಭುಜ ನೆಟ್ ಕಡೆ ಬರುವಂತೆ ಕುರ್ಚಿ ಅಡ್ಡಕ್ಕೆ ತಿರುಗಿಸಿ. ಎಡಗೈಯಲ್ಲಿ ಬಾಲ್ ಎದೆಯ ಮುಂದೆ ಹಿಡಿದು, ಬಲಗೈಯನ್ನು ಮಡಿಲ ಮೇಲಿಂದ ಅಡ್ಡಕ್ಕೆ ಬೀಸಲಿ. ಚಕ್ರ ದಾರಿಯಲ್ಲೇ ಬರುವುದಿಲ್ಲ. ನೆಟ್‌ನಿಂದ ಮೂರು ನಾಲ್ಕು ಮೀಟರ್ ದೂರದಿಂದ ಶುರು ಮಾಡಿ. ಐದರಲ್ಲಿ ನಾಲ್ಕು ದಾಟಿದರೆ ಅರ್ಧ ಮೀಟರ್ ಹಿಂದಕ್ಕೆ. ಸರ್ವ್ ಆದಮೇಲೆ ಬ್ರೇಕ್ ತೆಗೆದು ತಿರುಗಿಕೊಳ್ಳಲು ಸಮಯ ಬೇಕು, ಅದಕ್ಕೆ ಅವಳ ಸರ್ವ್ ಬಂದಾಗ ಎದುರಾಳಿ ಮೂರು ಹೊಡೆತವನ್ನೂ ಬಳಸಿಯೇ ವಾಪಸ್ ಕಳಿಸಬೇಕು ಅಂತ ಇಡಬಹುದು.

## ಹಂತ 6: ಅವಳ ಜಾಗ ಗುರುತಿಸಿ

ಈ ಪಾಠ ಗೆಲ್ಲುವುದೂ ಸೋಲುವುದೂ ಇಲ್ಲೇ. ಬಾಲ್, ನೆಟ್ ಎಲ್ಲ ಸರಿ ಇದ್ದರೂ ಪಕ್ಕದವರು ನುಗ್ಗಿ ಬಾಲ್ ಕದ್ದರೆ ಎಲ್ಲ ವ್ಯರ್ಥ. ಅವರೇನು ಕೆಟ್ಟವರಲ್ಲ, ಪಾಯಿಂಟ್ ಹೋಗಬಾರದು ಅಂತ ಓಡಿ ಬರುತ್ತಾರೆ.

ಇದಕ್ಕೆ ಹಲವರು ಮಾಡುವ ಉಪಾಯ, "ಪ್ರತಿ ಸಲವೂ ಅವಳ ಕೈಗೆ ಬಾಲ್ ತಾಗಲೇಬೇಕು" ಅನ್ನುವ ನಿಯಮ. ನನಗೆ ಇದು ಸ್ವಲ್ಪವೂ ಇಷ್ಟವಿಲ್ಲ. ಆಟ ಅವಳ ಹತ್ತಿರ ಬಂದು ನಿಲ್ಲುತ್ತದೆ, ಪ್ರತಿ ತಪ್ಪೂ ಅವಳ ತಲೆ ಮೇಲೆ ಬರುತ್ತದೆ, ಎದುರಾಳಿಗಳು ಆ ಒಂದು ಹೊಡೆತಕ್ಕೇ ಕಾಯುತ್ತಾರೆ. ಅದರ ಬದಲು ಜಾಗ ಕೊಡಿ.

ಜಾಗದ ಅಳತೆ ಹೀಗೆ ಮಾಡಿ. ಅವಳು ಓರೆಯಾಗಿ ನಿಲ್ಲಲಿ. ಒಂದೇ ತಳ್ಳಿಗೆ ಎಲ್ಲಿಯವರೆಗೆ ಹೋಗುತ್ತಾಳೆ, ಅಲ್ಲಿಂದ ಕೈ ಎಷ್ಟು ದೂರ ಚಾಚುತ್ತದೆ ನೋಡಿ. ಅಷ್ಟಕ್ಕೆ ಟೇಪ್ ಅಂಟಿಸಿ. ಸಾಮಾನ್ಯವಾಗಿ ಎರಡೂವರೆ ಮೀಟರ್ ಅಗಲ, ಮೂರು ಮೀಟರ್ ಉದ್ದದ ಚೌಕ ಸಿಗುತ್ತದೆ. ಆ ಚೌಕಕ್ಕೆ ಬರುವ ಬಾಲ್ ಅವಳದ್ದು. "ನಿಂದು" ಅಂತ ಅವಳು ಕೂಗಿದರೆ ಮಾತ್ರ ಬೇರೆಯವರು ಒಳಗೆ ಬರಬಹುದು. ಕೂಗದೆ ಬಂದರೆ ಪಾಯಿಂಟ್ ಹೋಯಿತು. ಡಿಕ್ಕಿ ತಪ್ಪಿಸಲೂ ಇದೇ ನಿಯಮ ಬೇಕು, ಚಕ್ರ ಮತ್ತು ಓಡುವ ಕಾಲು ಒಂದೇ ಜಾಗಕ್ಕೆ ಬರಬಾರದು.

ಚೌಕ ಎಲ್ಲಿ? ಹಿಂದಿನ ಮೂಲೆಯಲ್ಲಿ, ಹಿಂದಿನ ಗೆರೆಗೆ ತಾಗಿದಂತೆ. ಕುರ್ಚಿ ಮುಂದಕ್ಕೆ ಬೇಗ ಹೋಗುತ್ತದೆ, ಹಿಂದಕ್ಕೆ ನಿಧಾನ. ಹಿಂದಿನ ಗೆರೆಯಿಂದ ಅರ್ಧ ಮೀಟರ್ ಒಳಗೆ ದೊಡ್ಡ ಚಕ್ರ ಇದ್ದರೆ ಅವಳ ತಲೆ ಮೇಲೆ ದಾಟಿದ ಬಾಲ್ ಹೆಚ್ಚುಕಡಿಮೆ ಔಟ್, ಮುಂದೆ ಬಿದ್ದದ್ದೆಲ್ಲ ತಳ್ಳಿ ತೆಗೆಯುವಂಥದ್ದು. ಅವಳಿಗೆ ಸುಲಭ ಆಗಲಿ ಅಂತ ನೆಟ್ ಹತ್ತಿರ ನಿಲ್ಲಿಸುವುದು ಉಲ್ಟಾ ಕೆಲಸ. ಅಲ್ಲಿ ಸಮಯ ಎಲ್ಲಕ್ಕಿಂತ ಕಡಿಮೆ.

ಮೊದಲ ಪಾಠದಲ್ಲಿ ಅವಳು ಅಲ್ಲೇ ಇರಲಿ, ಉಳಿದ ಮೂವರು ತಮ್ಮೊಳಗೆ ರೊಟೇಶನ್ ಮಾಡಲಿ. ಬಾಲ್ ಚಕ್ರಕ್ಕೆ ತಾಗಿದರೆ? ವಾಲಿಬಾಲ್‌ನಲ್ಲಿ ಬಾಲ್ ಮೈಯ ಯಾವ ಭಾಗಕ್ಕೆ ತಾಗಿದರೂ ಆಟ ಮುಂದುವರಿಯುತ್ತದೆ. ಕುರ್ಚಿಯನ್ನೂ ಮೈ ಅಂತಲೇ ಲೆಕ್ಕ ಹಾಕಿ, ಅದು ಒಂದು ಹೊಡೆತ.

## ಹಂತ 7: 40 ನಿಮಿಷದ ಒಂದು ಪಾಠ

24 ಮಕ್ಕಳ ತರಗತಿ, ಅಕ್ಕಪಕ್ಕ ಎರಡು ಬ್ಯಾಡ್ಮಿಂಟನ್ ಕೋರ್ಟ್ ಅಂದುಕೊಳ್ಳಿ. ನಾಲ್ಕು ಜನರ ಆರು ತಂಡ. ನಾಲ್ಕು ತಂಡ ಆಡುವಾಗ ಎರಡು ತಂಡ ಗೋಡೆ ಹತ್ತಿರ ಪಾಸ್ ಅಭ್ಯಾಸ ಮಾಡುತ್ತಿರುತ್ತವೆ, ಎಂಟು ನಿಮಿಷಕ್ಕೊಮ್ಮೆ ಬದಲಾವಣೆ.

ಮೊದಲ ಆರು ನಿಮಿಷ ಚಲನೆ: ಸೀಟಿಗೆ ಎಲ್ಲರೂ ಗೆರೆಯಿಂದ ಗೆರೆಗೆ ಹೋಗಿ, ನಿಂತು, ಕೈ ಎತ್ತಬೇಕು. ನಿಂತವರು ಓಡಿ ನಿಲ್ಲುತ್ತಾರೆ, ಅವಳು ತಳ್ಳಿ ಹಿಡಿಯುತ್ತಾಳೆ. ಹೊಡೆಯುವ ಮೊದಲು ನಿಲ್ಲುವುದು ಇಬ್ಬರಿಗೂ ಒಂದೇ ಪಾಠ. ಆಮೇಲೆ ಹತ್ತು ನಿಮಿಷ ಇಬ್ಬಿಬ್ಬರು ಸೇರಿ ಓವರ್‌ಹೆಡ್ ಪಾಸ್, ಮೂರು ಮೀಟರ್ ದೂರದಲ್ಲಿ. ಅವಳ ಜೊತೆಗಾರ ಬಾಲ್ ಎಸೆಯುವಾಗ ಎದೆಗೆ ನೇರ ಎಸೆಯದೆ, ಎತ್ತರಕ್ಕೆ, ಅವಳ ಮುಂದೆ ಒಂದು ಪುಟ ಬೀಳುವಂತೆ ಎಸೆಯಲಿ. ಈ ಜೊತೆಗಾರರನ್ನು ಎರಡು ಸಲ ಬದಲಿಸಿ, ಇಲ್ಲದಿದ್ದರೆ ಅವಳ ಗೆಳತಿಯೇ ಕಾಯಂ ಸಹಾಯಕಿ ಆಗಿಬಿಡುತ್ತಾಳೆ.

ಉಳಿದ 24 ನಿಮಿಷ ಆಟ, ಎಂಟು ನಿಮಿಷದ ಮೂರು ಸುತ್ತು. ಹೀಗೆ ಮಾಡಿದರೆ ಪ್ರತಿ ತಂಡಕ್ಕೂ ಎರಡು ಸುತ್ತು ಆಟ, ಒಂದು ಸುತ್ತು ಗೋಡೆ. ಹಗುರ ಬಾಲ್, ಎಲ್ಲರಿಗೂ ಒಂದು ಪುಟ, ಹಾರುವಂತಿಲ್ಲ. ಅವಳ ತಂಡದ ಗೋಡೆ ಸುತ್ತು ಎರಡನೆಯದಾಗಿರಲಿ, ಆಗ ಎರಡು ಆಟದ ನಡುವೆ ಭುಜಕ್ಕೆ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಒಂದೆರಡು ನಿಮಿಷ ಮುಂದಕ್ಕೆ ಬಾಗಿ ಕೂರುವ ಭಾಗದ ಭಾರ ಇಳಿಸಲಿ. ಸ್ಪರ್ಶ ಇಲ್ಲದವರಿಗೆ ಒಂದೇ ಕಡೆ ಒತ್ತಿ ಚರ್ಮಕ್ಕೆ ಗಾಯ ಆದರೂ ಗೊತ್ತಾಗುವುದಿಲ್ಲ.

ಮೊದಲ ಸುತ್ತಿನಲ್ಲಿ ಒಂದು ಲೆಕ್ಕ ಇಡಿ. ಐದು ನಿಮಿಷದಲ್ಲಿ ಅವಳ ತಂಡದ ಪ್ರತಿಯೊಬ್ಬರ ಕೈಗೆ ಬಾಲ್ ಎಷ್ಟು ಸಲ ತಾಗಿತು? ಉಳಿದವರಿಗೆ ಎಂಟು ಹತ್ತು, ಅವಳಿಗೆ ಎರಡು ಬಂದಿದೆ ಅನ್ನಿ. ಯಾಕೆ ಅಂತ ನೋಡಿ. ಬಾಲ್ ಅವಳ ಚೌಕಕ್ಕೇ ಬರುತ್ತಿಲ್ಲವಾದರೆ ಚೌಕ ದೊಡ್ಡದು ಮಾಡಿ ಅಥವಾ ಎದುರಾಳಿಯ ಸರ್ವ್ ಒಂದು ಆ ಕಡೆ ಒಂದು ಈ ಕಡೆ ಹೋಗಲಿ ಅನ್ನಿ. ಬರುತ್ತಿದೆ ಆದರೆ ತಲುಪುತ್ತಿಲ್ಲ ಅಂದರೆ ಕೋನ ನೋಡಿ, ಅವಳು ನೆಟ್‌ಗೆ ನೇರವಾಗಿ ನಿಂತಿರುತ್ತಾಳೆ. ತಲುಪಿಯೂ ತಪ್ಪುತ್ತಿದ್ದರೆ ಬೀಚ್ ಬಾಲ್‌ಗೆ ಇಳಿಯಿರಿ.

## ಆಟ ನಿಲ್ಲಿಸಬೇಕಾದ ಲಕ್ಷಣಗಳು

ಕುತ್ತಿಗೆ ಅಥವಾ ಎದೆಯ ಮೇಲ್ಭಾಗದ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ಜೋರು ತಲೆನೋವು, ಮುಖ ಕೆಂಪಾಗುವುದು, ಪೆಟ್ಟಿನ ಮಟ್ಟದಿಂದ ಮೇಲೆ ಬೆವರುವುದು ಕಂಡರೆ ಅದು ಸುಸ್ತು ಅಲ್ಲ. ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರುತ್ತಿರಬಹುದು. ಮಲಗಿಸಬೇಡಿ. ನೇರವಾಗಿ ಕೂರಿಸಿ, ಬೆಲ್ಟ್ ಮತ್ತು ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ನಳಿಕೆ ಇದ್ದರೆ ಮಡಚಿಕೊಂಡಿದೆಯಾ ನೋಡಿ, ತಕ್ಷಣ ವೈದ್ಯಕೀಯ ಸಹಾಯ ಕರೆಯಿರಿ. ಇಂಥವರಿಗೆ ಪೆಟ್ಟಿನ ಕೆಳಗಿನ ಮೈ ಸರಿಯಾಗಿ ಬೆವರುವುದಿಲ್ಲ, ಮೈ ಬೇಗ ಕಾಯುತ್ತದೆ. ಬಿಸಿಲಲ್ಲಿ ಆಡಿಸಬೇಡಿ, ನೀರು ಚಿಮುಕಿಸುವ ಬಾಟಲಿ ಹತ್ತಿರ ಇರಲಿ.

ಶಂಟ್ ಇರುವವರ ತಲೆಗೆ ಬಾಲ್ ಬಡಿದರೆ ಆಟ ನಿಲ್ಲಿಸಿ, ಮನೆಯವರಿಗೆ ತಿಳಿಸಿ. ತಲೆನೋವು, ವಾಂತಿ, ಮಂಪರು ಬಂದರೆ ಆಸ್ಪತ್ರೆಗೆ. ಇನ್ನು ಭುಜದ ನೋವು: ಅವಳ ದಿನದ ಓಡಾಟವೂ ಆ ಭುಜದ ಮೇಲೆಯೇ ನಡೆಯುತ್ತದೆ. ನೋವು ಅಂದರೆ ಆ ದಿನಕ್ಕೆ ಓವರ್‌ಹೆಡ್ ಸಾಕು.

## ಬೇರೆ ಸಂದರ್ಭಗಳು

ಮೋಟಾರ್ ಕುರ್ಚಿಯಾದರೆ ವೇಗವನ್ನು ಅತಿ ಕಡಿಮೆಗೆ ಇಡಿಸಿ. ಅದು ತುಂಬಾ ಭಾರ, ಕಾಲ ಮೇಲೆ ಹತ್ತಿದರೆ ಮೂಳೆ ಮುರಿಯಬಹುದು. ಚೌಕವನ್ನು ಅವಳಿಗೆ ಮಾತ್ರ ಬಿಡಿ, ಬೇರೆ ಯಾರೂ ಕಾಲಿಡುವಂತಿಲ್ಲ. ಜಾಯ್‌ಸ್ಟಿಕ್ ಇಲ್ಲದ ಕೈಯ ಕಡೆಗೆ ಬಾಲ್ ಬರಲಿ. ಕೈಯಲ್ಲಿ ಬಲ ಕಡಿಮೆ ಇದ್ದರೆ ಬೀಚ್ ಬಾಲ್‌ನಲ್ಲೇ ಉಳಿಯಿರಿ, ಅಥವಾ ಮಡಿಲಿಗೆ ಹಿಡಿದು ಎಸೆಯಲು ಬಿಡಿ. ಸ್ನಾಯು ಕ್ಷೀಣಿಸುವ ಕಾಯಿಲೆ ಇದ್ದವರನ್ನು ಸುಸ್ತಾಗುವವರೆಗೆ ಆಡಿಸಲೇಬಾರದು.

ಎಲ್ಲರೂ ನೆಲದಲ್ಲಿ ಕೂತು ಆಡುವ ವಾಲಿಬಾಲ್ ಬಗ್ಗೆ ತುಂಬಾ ಜನ ಕೇಳುತ್ತಾರೆ. 10 ಮೀಟರ್ ಉದ್ದ, 6 ಮೀಟರ್ ಅಗಲದ ಕೋರ್ಟಿನ ಚೆಂದದ ಆಟ ಅದು. ಆದರೆ ಅದರಲ್ಲಿ ಚಲಿಸುವುದು ಕೈಯೂರಿ, ಸೊಂಟ ಜಾರಿಸಿ. ಸೊಂಟದ ಕೆಳಗೆ ಹಿಡಿತ ಇಲ್ಲದವಳನ್ನು ಕುರ್ಚಿಯಿಂದ ಇಳಿಸಿ ಕೂರಿಸಿದರೆ, ಇದ್ದ ಚಕ್ರವನ್ನೂ ಕಿತ್ತುಕೊಂಡ ಹಾಗೆ. ಉಜ್ಜಿದ ಗಾಯವೂ ಗೊತ್ತಾಗುವುದಿಲ್ಲ. ಅವಳೇ ಇಷ್ಟಪಟ್ಟರೆ, ಇಳಿದು ಹತ್ತುವುದು ಅವಳಿಗೆ ಗೊತ್ತಿದ್ದರೆ ಮಾತ್ರ ಮಾಡಿ.

## ಹಂತ 8: ಮುಂದಿನ ಪಾಠಗಳಲ್ಲಿ ಏನು ತೆಗೆಯಬೇಕು

ಬದಲಾವಣೆಗಳನ್ನು ಒಂದೊಂದಾಗಿ ತೆಗೆಯಿರಿ, ಒಂದೇ ಪಾಠದಲ್ಲಿ ಎರಡು ಬೇಡ. ಎರಡು ತೆಗೆದು ಆಟ ಕುಸಿದರೆ ಯಾವುದರಿಂದ ಕುಸಿಯಿತು ಅಂತ ಗೊತ್ತಾಗುವುದಿಲ್ಲ. ಮೊದಲು ಉಳಿದವರ ಪುಟ ತೆಗೆಯಿರಿ. ಆಮೇಲೆ ಅವಳನ್ನೂ ರೊಟೇಶನ್‌ಗೆ ಸೇರಿಸಿ, ಹಿಂದಿನ ಎರಡು ಮೂಲೆಗಳ ನಡುವೆ ಮಾತ್ರ. ಹೊಸ ಮೂಲೆಗೆ ಕೋನ ತಿರುಗಿಸಿಕೊಳ್ಳುವುದು ಅಭ್ಯಾಸವಾದ ಮೇಲೆ ಓರೆ ನೆಟ್ ಕಟ್ಟಿ, ಎತ್ತರದ ಅರ್ಧದಲ್ಲಿ ಹಾರಲು ಬಿಡಿ. ಸ್ಮ್ಯಾಶ್ ಶುರುವಾದ ದಿನ ಅವಳ ಚೌಕ ಆ ಅರ್ಧದ ನೇರಕ್ಕೆ ಬರದಂತೆ ನೋಡಿಕೊಳ್ಳಿ. ಮಾಮೂಲಿ ತೂಕದ ಬಾಲ್ ಎಲ್ಲಕ್ಕಿಂತ ಕೊನೆಗೆ. ಪ್ರತಿ ಸಲ ಒಂದು ತೆಗೆದ ಮೇಲೂ ಅದೇ ಐದು ನಿಮಿಷದ ಲೆಕ್ಕ ಹಾಕಿ, ಅವಳ ಸಂಖ್ಯೆ ಹಿಂದಿನ ಪಾಠಕ್ಕಿಂತ ಅರ್ಧಕ್ಕೆ ಇಳಿದರೆ ತೆಗೆದದ್ದನ್ನು ವಾಪಸ್ ಹಾಕಿ ಇನ್ನೊಂದು ವಾರ ಆಡಿಸಿ.